ರೆಸ್ಯೂಮ್ ಪಕ್ಕಕ್ಕಿಡಿ, ಮೊದಲು ಲಿಂಕ್ ತೆರೆಯಿರಿ

ಯಾವುದಾದರೂ ಒಂದು ರೆಸ್ಯೂಮಿನ ಪಿಡಿಎಫ್ ತೆರೆಯಿರಿ. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ತಂದು ಪೇಸ್ಟ್ ಮಾಡಿ. ಬಣ್ಣ, ಗೆರೆ, ಎರಡು ಕಾಲಂ ಎಲ್ಲವೂ ಹೋಗಿ ಬರೀ ಅಕ್ಷರಗಳ ಗುಡ್ಡೆ ಉಳಿಯುತ್ತದೆ. ಕಂಪನಿಗಳ ನೇಮಕಾತಿ ಸಾಫ್ಟ್‌ವೇರಿಗೆ ಕಾಣುವುದು ಹೆಚ್ಚುಕಡಿಮೆ ಇಷ್ಟೇ. ಅರ್ಜಿದಾರರು ಒಬ್ಬ ಡಿಸೈನರ್ ಆಗಿದ್ದರಂತೂ ಈ ಪರೀಕ್ಷೆಯಲ್ಲಿ ಆಗಾಗ ಒಂದು ವಿಚಿತ್ರ ನಡೆಯುತ್ತದೆ: ಪೇಸ್ಟ್ ಮಾಡಿದಾಗ ಏನೂ ಬರುವುದಿಲ್ಲ. ಇಲ್ಲಸ್ಟ್ರೇಟರ್‌ನಲ್ಲಿ ರೆಸ್ಯೂಮ್ ಮಾಡಿ, ಫಾಂಟ್ ಕೆಡದಿರಲಿ ಎಂದು ಅಕ್ಷರಗಳನ್ನೆಲ್ಲ ಔಟ್‌ಲೈನ್ ಆಗಿ ಪರಿವರ್ತಿಸಿ ಸೇವ್ ಮಾಡಿರುತ್ತಾರೆ. ಕಣ್ಣಿಗೆ ಅದು ಅಕ್ಷರ, ಯಂತ್ರಕ್ಕೆ ಚಿತ್ರ. ಹತ್ತು ವರ್ಷದ ಅನುಭವವಿದ್ದವರೂ ಅಲ್ಲಿ ಖಾಲಿ ಹಾಳೆ.

ಈ ಸಾಫ್ಟ್‌ವೇರಿಗೆ ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಂ ಎನ್ನುತ್ತಾರೆ, ಎಚ್‌ಆರ್ ವಿಭಾಗದವರ ಬಾಯಲ್ಲಿ ಬರೀ ಎಟಿಎಸ್. ಅದು ತಾನಾಗಿಯೇ ಜನರನ್ನು ತಿರಸ್ಕರಿಸಿಬಿಡುತ್ತದೆ ಎಂಬ ಭಯ ಅರ್ಜಿದಾರರಲ್ಲಿದೆ. ಸಾಮಾನ್ಯವಾಗಿ ಅದು ಮಾಡುವುದು ಬೇರೆ. ಬಂದ ಅರ್ಜಿಗಳಿಂದ ಪದಗಳನ್ನು ಹೆಕ್ಕಿ, ಕೆಲಸದ ಜಾಹೀರಾತಿನಲ್ಲಿರುವ ಪದಗಳಿಗೆ ಎಷ್ಟು ತಾಳೆಯಾಗುತ್ತದೆ ಎಂದು ನೋಡಿ ಸಾಲು ಹಚ್ಚುತ್ತದೆ. ಮುನ್ನೂರು ಅರ್ಜಿ ಬಂದಾಗ ಮೇಲಿನ ಮೂವತ್ತನ್ನು ಓದಿ ಸುಸ್ತಾಗುವುದು ಮನುಷ್ಯರು. ಮೂವತ್ತೊಂದನೆಯವರನ್ನು ಯಾರೂ ಬೇಡವೆಂದಿರುವುದಿಲ್ಲ, ಯಾರೂ ನೋಡಿಯೂ ಇರುವುದಿಲ್ಲ.

ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಬೇಕಾದಾಗ, ಒಂದು ನಿರ್ದಿಷ್ಟ ಡೇಟಾಬೇಸ್ ಗೊತ್ತಿರುವವರು ಬೇಕಾದಾಗ ಈ ಪದ ಹೊಂದಾಣಿಕೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಡಿಸೈನರ್ ಮತ್ತು ಕಂಟೆಂಟ್ ರೈಟರ್‌ಗಳ ವಿಷಯದಲ್ಲಿ ಕೈಕೊಡುತ್ತದೆ. ಫಿಗ್ಮಾ ಬರುತ್ತದೆ ಎಂದು ಬರೆದುಕೊಳ್ಳುವುದಕ್ಕೂ ಒಳ್ಳೆಯ ಪರದೆ ರೂಪಿಸುವುದಕ್ಕೂ ಇರುವ ದೂರ ಅಷ್ಟಿಷ್ಟಲ್ಲ. ಒಂದೇ ಕೆಲಸಕ್ಕೆ ಒಂದು ಕಡೆ ಯುಎಕ್ಸ್ ಡಿಸೈನರ್, ಇನ್ನೊಂದು ಕಡೆ ಪ್ರಾಡಕ್ಟ್ ಡಿಸೈನರ್, ಮತ್ತೊಂದು ಕಡೆ ಇಂಟರ್‌ಯಾಕ್ಷನ್ ಡಿಸೈನರ್ ಎಂಬ ಹೆಸರು. ಇನ್ನು ಆಟ ಗೊತ್ತಿದ್ದವರು ಜಾಹೀರಾತಿನ ಪದಗಳನ್ನೆಲ್ಲ ಎತ್ತಿ ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ, ಕಣ್ಣಿಗೆ ಕಾಣದ ಹಾಗೆ ತುಂಬಿಸಿಡುವುದೂ ಉಂಟು.

ಕನ್ನಡದಲ್ಲಿ ಬರೆಯುವವರ ಪಾಡು ಇನ್ನೂ ಒಂದು ಸುತ್ತು ಹೆಚ್ಚು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ, ರೆಸ್ಯೂಮ್ ಅಥವಾ ಬರಹದ ಮಾದರಿ ಕಳಿಸುವವರು ಈಗಲೂ ಇದ್ದಾರೆ. ಪತ್ರಿಕೆಗಳ ಪುಟವಿನ್ಯಾಸದಲ್ಲಿ ದುಡಿದವರಿಗೆ ಆ ಅಭ್ಯಾಸ ಬಿಡುವುದು ಕಷ್ಟ. ಪರದೆಯ ಮೇಲೆ ಮುದ್ದಾಗಿ "ಕನ್ನಡ" ಎಂದು ಕಾಣುವ ಪದ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಹೀಗಿರುತ್ತದೆ:

```
PÀ£ÀßqÀ
```

ಕನ್ನಡ ಬಲ್ಲವರು ಬೇಕು ಎಂದು ಹುಡುಕಿದರೆ ಈ ಅರ್ಜಿ ಸಿಗುವ ಸಂಭವವೇ ಇಲ್ಲ. ಯೂನಿಕೋಡಿನಲ್ಲೇ ಬರೆದು ಪಿಡಿಎಫ್ ಮಾಡಿದರೂ ನೆಮ್ಮದಿಯಿಲ್ಲ. ಪಿಡಿಎಫ್‌ನಿಂದ ಕನ್ನಡವನ್ನು ಹೊರತೆಗೆಯುವಾಗ ಒತ್ತಕ್ಷರಗಳು ಕಳಚಿಕೊಳ್ಳುವುದು, ಸ್ವರಚಿಹ್ನೆಗಳು ಹಿಂದುಮುಂದಾಗುವುದು ಮಾಮೂಲು.

ಇಷ್ಟರ ಮೇಲೆ ಲಿಂಕಿನದೇ ಒಂದು ಕಥೆಯಿದೆ. ಡಿಸೈನರ್‌ಗಳು ಉದ್ದನೆಯ ವಿಳಾಸ ಅಂದಗೆಡಿಸುತ್ತದೆ ಎಂದು "ಪೋರ್ಟ್‌ಫೋಲಿಯೊ" ಎಂಬ ಒಂದೇ ಪದದ ಅಡಿಯಲ್ಲಿ ಲಿಂಕನ್ನು ಅಡಗಿಸಿಡುತ್ತಾರೆ. ಪಠ್ಯ ಮಾತ್ರ ಹೆಕ್ಕುವ ಸಾಫ್ಟ್‌ವೇರ್ ಆ ಪದವನ್ನು ಉಳಿಸಿಕೊಂಡು ವಿಳಾಸವನ್ನು ಬೀಳಿಸಿಬಿಡಬಹುದು. ನೇಮಕ ಮಾಡುವವರ ಪರದೆಯಲ್ಲಿ "ಪೋರ್ಟ್‌ಫೋಲಿಯೊ" ಎಂಬ ಪದ ಇರುತ್ತದೆ, ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಆದ್ದರಿಂದ ಇಂಥ ಹುದ್ದೆಗಳಿಗೆ ಅರ್ಜಿ ಕರೆಯುವವರು ಮೊದಲು ಸರಿಪಡಿಸಬೇಕಾದ್ದು ಫಾರ್ಮನ್ನು. ಲಿಂಕಿಗೆ ಬೇರೆಯದೇ ಖಾನೆ ಇರಬೇಕು. ಎರಡು ಕೆಲಸಗಳ ವಿಳಾಸ ಕೇಳಿ, ಪ್ರತಿಯೊಂದರ ಕೆಳಗೆ "ಇದರಲ್ಲಿ ನೀವು ಮಾಡಿದ್ದೇನು, ಬೇರೆಯವರು ಮಾಡಿದ್ದೇನು" ಎಂದು ಮೂರು ಸಾಲು ಬರೆಸಿಕೊಳ್ಳಬೇಕು. ಮೂರು ಸಾಲು ಬರೆಯುವ ಗೋಜೇ ಬೇಡವೆನ್ನುವವರು ಇಲ್ಲಿಯೇ ಉದುರಿಹೋಗುವುದರಿಂದ ಮುನ್ನೂರರ ರಾಶಿಯೂ ಕರಗುತ್ತದೆ.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೆಂಗಳೂರಿನ ಒಂದು ಸಣ್ಣ ಕಂಪನಿ, ಕಿರಾಣಿ ಅಂಗಡಿಯವರು ಉದ್ರಿ ಲೆಕ್ಕ ಬರೆದಿಡುವ ಆ್ಯಪ್ ಮಾಡುತ್ತಿದೆ ಎನ್ನಿ. ಬಳಸುವವರು ಗದಗ, ದಾವಣಗೆರೆ, ಹಾಸನದ ಅಂಗಡಿಗಳಲ್ಲಿದ್ದಾರೆ. ಕಂಪನಿಗೆ ಒಬ್ಬ ಡಿಸೈನರ್, ಒಬ್ಬ ಕನ್ನಡ ಕಂಟೆಂಟ್ ರೈಟರ್ ಬೇಕು.

ಡಿಸೈನರ್ ಹುದ್ದೆಗೆ ಬಂದ ಎರಡು ಅರ್ಜಿಗಳನ್ನು ಎದುರುಬದುರು ಇಡೋಣ. ಮೊದಲನೆಯ ರೆಸ್ಯೂಮಿನಲ್ಲಿ ಬೇಕಾದ ಪದಗಳೆಲ್ಲ ಇವೆ: ಯೂಸರ್ ರಿಸರ್ಚ್, ವೈರ್‌ಫ್ರೇಮ್, ಪ್ರೊಟೊಟೈಪ್, ಡಿಸೈನ್ ಸಿಸ್ಟಂ. ಪದಗಳ ಲೆಕ್ಕದಲ್ಲಿ ಇವರು ಸಾಲಿನ ತುದಿಯಲ್ಲಿದ್ದಾರೆ. ಲಿಂಕ್ ಬಿಹ್ಯಾನ್ಸ್ ಪುಟಕ್ಕೆ ಹೋಗುತ್ತದೆ. ಅಲ್ಲಿ ಹನ್ನೆರಡು ಪ್ರಾಜೆಕ್ಟುಗಳು, ಎಲ್ಲವೂ ಈಗಾಗಲೇ ಇರುವ ಹೆಸರಾಂತ ಆ್ಯಪ್‌ಗಳನ್ನು ಇವರು ತಮ್ಮ ಖುಷಿಗೆ ಮರುವಿನ್ಯಾಸ ಮಾಡಿದವು. ಓರೆಯಾಗಿ ನಿಂತ ಫೋನುಗಳು, ಮೃದುವಾದ ನೆರಳು, ಪ್ರತಿ ಪರದೆಯಲ್ಲೂ ನಗುವ ಮುಖ, ದುಂಡನೆಯ ಮೊತ್ತ. ಎರಡನೆಯವರ ರೆಸ್ಯೂಮ್ ಒಂದೇ ಪುಟ. "ಯೂಸರ್ ರಿಸರ್ಚ್" ಎಂಬ ಪದವೇ ಇಲ್ಲ. ಲಿಂಕ್ ಒಂದು ಸಾದಾ ನೋಷನ್ ಪುಟಕ್ಕೆ ಒಯ್ಯುತ್ತದೆ. ಅಲ್ಲಿರುವುದು ಮೂರೇ ಕೆಲಸ. ಅದರಲ್ಲಿ ಒಂದು, ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲಿನ ಅಳತೆ, ಫ್ಯಾಟ್ ದಾಖಲಿಸುವ ಆ್ಯಪ್.

ಈ ಎರಡನೆಯ ಪುಟದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲಿಗೆ ಸಂಘದ ಹಳೆಯ ಕಾಗದದ ಚೀಟಿಯ ಫೋಟೊ ಇದೆ. ಬೆಳಗಿನ ಹಾಲು ಹಾಕುವ ಹೊತ್ತಿಗೆ ಹೋಗಿ ನಿಂತಾಗ ಕಂಡದ್ದನ್ನು ಬರೆದಿದ್ದಾರೆ: ಕಾರ್ಯದರ್ಶಿಯ ಒಂದು ಕೈಯಲ್ಲಿ ಯಾವಾಗಲೂ ಅಳತೆಯ ಪಾತ್ರೆ ಇರುತ್ತದೆ, ಅದೂ ಒದ್ದೆ, ಹಾಗಾಗಿ ಅಂಕಿ ಒತ್ತುವುದು ಒಂದೇ ಹೆಬ್ಬೆರಳಿನಲ್ಲಿ. ಮೊದಲು ಮಾಡಿದ ಪರದೆಯಲ್ಲಿ ಅಂಕಿಗಳು ಮೇಲ್ಭಾಗದಲ್ಲಿದ್ದವು, ಹೆಬ್ಬೆರಳಿಗೆ ಎಟುಕಲಿಲ್ಲ. ಎರಡನೆಯದರಲ್ಲಿ ಅವು ಕೆಳಗಿಳಿದಿವೆ, ದೊಡ್ಡದಾಗಿವೆ. ಅಂಕಿ ತಪ್ಪಿದರೆ ಏನು ಕಾಣಬೇಕು, ನೆಟ್‌ವರ್ಕ್ ಹೋದರೆ ಏನಾಗಬೇಕು, ಇನ್ನೂ ಒಂದೂ ದಾಖಲೆ ಇಲ್ಲದಾಗ ಪರದೆ ಹೇಗಿರಬೇಕು ಎಂಬುದಕ್ಕೂ ಚಿತ್ರಗಳಿವೆ. ಕೊನೆಯಲ್ಲಿ ಒಂದು ಟಿಪ್ಪಣಿ: ಪರದೆಗಳು ನನ್ನವು, ಬಣ್ಣ ಮತ್ತು ಲೋಗೊ ಕಂಪನಿ ಕೊಟ್ಟದ್ದು, ಸಂಘದವರ ಜತೆ ಮಾತುಕತೆಗೆ ಸಹೋದ್ಯೋಗಿಯೊಬ್ಬರು ಬಂದಿದ್ದರು.

ಪೋರ್ಟ್‌ಫೋಲಿಯೊ ಓದುವ ಅಭ್ಯಾಸವಿದ್ದವರು ಹುಡುಕುವುದು ಇಂಥವನ್ನು. ಚಂದದ ಪರದೆ ಎಲ್ಲರ ಬಳಿಯೂ ಇರುತ್ತದೆ. ಬಿಟ್ಟುಬಿಟ್ಟ ಆವೃತ್ತಿ, ಅದನ್ನು ಬಿಟ್ಟದ್ದಕ್ಕೆ ಕಾರಣ, ಖಾಲಿ ಪರದೆ, ತಪ್ಪಿನ ಪರದೆ, ಇವೆಲ್ಲ ನಿಜವಾಗಿ ಕೆಲಸ ಮಾಡಿದವರ ಬಳಿ ಮಾತ್ರ ಇರುವ ಸಾಧ್ಯತೆ ಹೆಚ್ಚು. ಹಾಗೆಂದು ಮೊದಲನೆಯವರನ್ನು ಕೂಡಲೇ ಕೈಬಿಡುವುದೂ ಅನ್ಯಾಯ. ಈಗಷ್ಟೇ ಕಾಲೇಜು ಮುಗಿಸಿದವರಿಗೆ ಸ್ವಂತ ಖುಷಿಯ ಮರುವಿನ್ಯಾಸ ಬಿಟ್ಟು ತೋರಿಸಲು ಬೇರೇನಿರುತ್ತದೆ? ಅಂಥವರ ಕೆಲಸದಲ್ಲಿ ನೋಡಬೇಕಾದ್ದು ಒಂದೇ: ಮೂಲ ಆ್ಯಪ್‌ನಲ್ಲಿ ಯಾರಿಗೆ ಯಾವ ತೊಂದರೆ ಇತ್ತು ಎಂಬುದನ್ನು ಹೇಳಿ ಆಮೇಲೆ ಬದಲಿಸಿದ್ದಾರೋ, ಇಲ್ಲ ಬರೀ ಬಣ್ಣ ಬಳಿದಿದ್ದಾರೋ.

ಕನ್ನಡದ ಆ್ಯಪ್ ಮಾಡುವ ಕಂಪನಿಗೆ ಇನ್ನೊಂದು ಪರೀಕ್ಷೆ ಇದೆ, ಇದು ಯಾವ ಕೀವರ್ಡ್ ಹುಡುಕಾಟದಲ್ಲೂ ಸಿಗದು. ಪೋರ್ಟ್‌ಫೋಲಿಯೊದಲ್ಲಿ ಕನ್ನಡ ಅಕ್ಷರಗಳಿರುವ ಪೋಸ್ಟರೋ ಪರದೆಯೋ ಇದ್ದರೆ ಅದನ್ನು ದೊಡ್ಡದು ಮಾಡಿ ನೋಡಿ. ಅಡೋಬಿ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆ ತಕ್ಕ ಸೆಟ್ಟಿಂಗ್ ಹಾಕಿಕೊಳ್ಳದಿದ್ದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. "ಅಕ್ಕ" ಎಂಬಲ್ಲಿ ಒಂದು ಕ್, ಪಕ್ಕದಲ್ಲಿ ಇನ್ನೊಂದು ಕ ಬಿಡಿಬಿಡಿಯಾಗಿ ನಿಂತಿರುತ್ತವೆ. ಬೆಂಗಳೂರಿನ ಎಷ್ಟೋ ದೊಡ್ಡ ಹೋರ್ಡಿಂಗುಗಳಲ್ಲಿ ಈ ಅವತಾರ ಕಂಡೇ ಇರುತ್ತೀರಿ. ಪೋರ್ಟ್‌ಫೋಲಿಯೊದಲ್ಲೇ ಹೀಗಿದ್ದರೆ ಅದನ್ನು ಮಾಡಿದವರಿಗೆ ಕನ್ನಡ ಓದಲು ಬರುವುದಿಲ್ಲ, ಅಥವಾ ಮಾಡಿದ ಮೇಲೆ ಓದಿ ನೋಡಿಲ್ಲ. ಅಕ್ಷರ ಕೂಡಿದ್ದರೂ ಬಟನ್ನಿನ ಎತ್ತರ ನೋಡಿ. ಇಂಗ್ಲಿಷಿನ ಲೆಕ್ಕದಲ್ಲಿ ಅಳೆದ ಪೆಟ್ಟಿಗೆಯಲ್ಲಿ "ಒಟ್ಟು ಮೊತ್ತ" ಎಂದು ಬರೆದರೆ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಮೇಲಿನ ಹಾಲಿನ ಆ್ಯಪ್‌ನಲ್ಲಿ ಸಾಲುಗಳ ನಡುವೆ ಕೊಂಚ ಹೆಚ್ಚು ಜಾಗ ಬಿಟ್ಟಿದ್ದರೆ, ಆ ಡಿಸೈನರ್ ಕನ್ನಡವನ್ನು ಹಾಕಿ ನೋಡಿದ್ದಾರೆ ಎಂದೇ ಅರ್ಥ.

ಕಂಟೆಂಟ್ ರೈಟರ್ ಹುದ್ದೆಯ ಅರ್ಜಿಗಳಲ್ಲಿ ತೊಡಕು ಬೇರೆ ಥರದ್ದು. ಅಲ್ಲಿ ಲಿಂಕುಗಳು ತೆರೆಯುವುದೇ ಕಡಿಮೆ. ಒಬ್ಬರು ಮೂರು ಲಿಂಕ್ ಕಳಿಸಿದ್ದಾರೆ ಎನ್ನಿ. ಮೊದಲನೆಯದು ಗೂಗಲ್ ಡಾಕ್, ತೆರೆದರೆ `You need access` ಎಂಬ ಪರದೆ. ಎರಡನೆಯದು ಒಂದು ಸುದ್ದಿತಾಣದ ಲೇಖನ, ಬರಹ ಇದೆ, ಬರೆದವರ ಹೆಸರಿಲ್ಲ. ಮೂರನೆಯದು `404`.

ತೆರೆಯದ ಲಿಂಕ್ ಕಳಿಸಿದ್ದಾರೆಂದು ಅರ್ಜಿಯನ್ನು ಪಕ್ಕಕ್ಕೆ ಎಸೆಯುವ ಎಚ್‌ಆರ್‌ಗಳಿದ್ದಾರೆ, "ಅಷ್ಟೂ ಗಮನವಿಲ್ಲದವರು ಕೆಲಸ ಹೇಗೆ ಮಾಡಿಯಾರು" ಎಂದು. ನನಗೆ ಈ ವಾದ ಒಪ್ಪಿಗೆಯಿಲ್ಲ. ಬೀಗ ಹಾಕಿದ ಗೂಗಲ್ ಡಾಕ್ ಕಳಿಸಿದವರ ಕಂಪ್ಯೂಟರಿನಲ್ಲಿ ಸಲೀಸಾಗಿ ತೆರೆಯುತ್ತದೆ, ಏಕೆಂದರೆ ಅದು ಅವರದೇ ಖಾತೆ. ತಪ್ಪು ಅವರ ಕಣ್ಣಿಗೆ ಬೀಳುವುದೇ ಇಲ್ಲ. (ಅರ್ಜಿ ಹಾಕುವವರಿಗೆ ಕಿವಿಮಾತು: ಕಳಿಸುವ ಮುಂಚೆ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿ. ಫಿಗ್ಮಾ ಕಡತಕ್ಕೂ ಇದೇ ಮಾತು.) ಸತ್ತ ಲಿಂಕುಗಳದಂತೂ ಹಲವು ಸಲ ಅರ್ಜಿದಾರರ ತಪ್ಪೇ ಅಲ್ಲ. ಕಂಪನಿ ಬಿಟ್ಟ ಮೇಲೆ ಬ್ಲಾಗನ್ನೇ ಮುಚ್ಚಿರುತ್ತಾರೆ, ಹೆಸರು ತೆಗೆದು "ಡೆಸ್ಕ್" ಎಂದು ಹಾಕಿರುತ್ತಾರೆ. ಡಿಸೈನರ್‌ಗಳು ವರ್ಷಗಟ್ಟಲೆ ಪ್ರೊಟೊಟೈಪ್ ಇಟ್ಟುಕೊಂಡಿದ್ದ ಇನ್‌ವಿಷನ್ ಎಂಬ ತಾಣ 2024ರ ಕೊನೆಯಲ್ಲಿ ತನ್ನ ವಿನ್ಯಾಸ ಸೇವೆಗಳನ್ನು ನಿಲ್ಲಿಸಿತು. ಅಲ್ಲಿಗೆ ಹೋಗುತ್ತಿದ್ದ ಲಿಂಕುಗಳೂ ಅದರೊಂದಿಗೇ ಹೋದವು. ಹಳೆಯ ಪುಟ `web.archive.org` ತಾಣದಲ್ಲಿ ಸಿಕ್ಕರೂ ಸಿಗಬಹುದು. ವಿಳಾಸ ಹಾಕಿ ನೋಡಲು ಅರ್ಧ ನಿಮಿಷ ಸಾಕು. ಲೇಖಕರ ಹೆಸರು ತೆಗೆದುಹಾಕುವ ಮುಂಚಿನ ಪ್ರತಿಯೂ ಅಲ್ಲಿ ಉಳಿದಿರುವುದುಂಟು.

ಉಳಿದದ್ದಕ್ಕೆ ಒಂದು ಮೇಲ್ ಸಾಕು: "ನಿಮ್ಮ ಮೊದಲ ಲಿಂಕಿಗೆ ಅನುಮತಿ ಕೇಳುತ್ತಿದೆ, ಮೂರನೆಯದು ತೆರೆಯುತ್ತಿಲ್ಲ. ಸರಿಪಡಿಸಿ ಕಳಿಸುವಿರಾ? ಎರಡನೆಯ ಲೇಖನದಲ್ಲಿ ನಿಮ್ಮ ಪಾತ್ರವೇನೆಂದೂ ತಿಳಿಸಿ. ಶುಕ್ರವಾರದವರೆಗೆ ಕಾಯುತ್ತೇವೆ." ಇದಕ್ಕೆ ಬರುವ ಉತ್ತರವೇ ಒಂದು ಬರಹದ ಮಾದರಿ. ಎರಡು ಸಾಲಿನಲ್ಲಿ ಸ್ಪಷ್ಟವಾಗಿ ವಿಷಯ ಹೇಳಬಲ್ಲವರು ಯಾರು, ಸುತ್ತಿ ಬಳಸುವವರು ಯಾರು ಎಂದು ಅಲ್ಲಿಯೇ ಕಾಣುತ್ತದೆ.

ಲಿಂಕ್ ತೆರೆದುಕೊಂಡ ಮೇಲೆ ಬರುವುದು ನಿಜವಾದ ಕಷ್ಟ. ಪ್ರಕಟವಾದ ಲೇಖನ ಒಬ್ಬರ ಕೈಬರಹವಲ್ಲ. ತಲೆಬರಹ ಉಪಸಂಪಾದಕರದು, ಮೊದಲ ಪ್ಯಾರಾ ಯಾರೋ ತಿದ್ದಿದ್ದು, ಕೊನೆ ಜಾಗ ಸಾಲದೆ ಕತ್ತರಿಸಿದ್ದು. ಪ್ರಕಟಿತ ಪುಟವನ್ನಷ್ಟೇ ಓದಿ ತೂಗುವವರು ಎಷ್ಟೋ ವೇಳೆ ಆ ಸಂಸ್ಥೆಯ ಸಂಪಾದಕರನ್ನು ತೂಗುತ್ತಿರುತ್ತಾರೆ. ಹಾಗಾಗಿ ಸಂದರ್ಶನಕ್ಕೆ ಕರೆಯುವ ಮೊದಲು ಒಂದೇ ಒಂದು ಬರಹದ ಎರಡು ರೂಪ ಕೇಳುವುದು ಒಳ್ಳೆಯದು: ತಾವು ಕೊಟ್ಟ ಕರಡು, ಅಚ್ಚಾದ ಪ್ರತಿ. ಕರಡು ಇಟ್ಟುಕೊಂಡಿಲ್ಲದವರು ಬಹಳ ಜನ, ಅದು ಅಪರಾಧವಲ್ಲ. ಇಟ್ಟುಕೊಂಡವರ ಜತೆಗಿನ ಮಾತುಕತೆ ಮಾತ್ರ ಬೇರೆಯದೇ ಮಟ್ಟದಲ್ಲಿ ನಡೆಯುತ್ತದೆ.

"ಈ ಎರಡು ಸಾಲು ತೆಗೆದಿದ್ದಾರಲ್ಲ, ನಿಮಗೆ ಒಪ್ಪಿಗೆಯಾಯಿತೇ?" ಎಂದು ಕೇಳಿದರೆ, ಕೆಲಸ ಗೊತ್ತಿದ್ದವರು ಹೀಗೆ ಹೇಳುತ್ತಾರೆ: "ಮೊದಲನೆಯದು ತೆಗೆದದ್ದು ಸರಿ ಮೇಡಂ, ಮೇಲೆಯೇ ಹೇಳಿದ್ದೆ. ಎರಡನೆಯದು ಬೇಕಿತ್ತು. ಅದಿಲ್ಲದಿದ್ದರೆ ಕೊನೆಯ ದಿನಾಂಕ ಯಾರಿಗೆ ಅನ್ವಯ ಅಂತ ಓದುಗರಿಗೆ ಗೊತ್ತಾಗಲ್ಲ." ಬೇರೆಯವರ ಬರಹವನ್ನು ತನ್ನದೆಂದು ತಂದವರಿಗೆ ಈ ಉತ್ತರ ಹೊಳೆಯುವುದಿಲ್ಲ. ಕದ್ದ ಚಿತ್ರ ಹಿಡಿಯಲು ಗೂಗಲ್ ಲೆನ್ಸ್ ಇದೆ, ಕದ್ದ ಸಾಲು ಹಿಡಿಯಲು ಅದನ್ನೇ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿದರಾಯಿತು. ಆದರೂ ಇಂಥ ಒಂದು ಪ್ರಶ್ನೆಗಿರುವ ಹಿಡಿತ ಅವಕ್ಕಿಲ್ಲ.

ನಮ್ಮ ಉದ್ರಿ ಆ್ಯಪ್‌ಗೆ ಬೇಕಿರುವುದು ಲೇಖನ ಬರೆಯುವವರಲ್ಲ, ಪರದೆಯ ಮೇಲಿನ ಚಿಕ್ಕ ಚಿಕ್ಕ ಸಾಲು ಬರೆಯುವವರು. ಇಲ್ಲಿ ಸುದ್ದಿತಾಣದ ಹತ್ತು ಲಿಂಕುಗಳೂ ಅರ್ಧ ಉತ್ತರವನ್ನಷ್ಟೇ ಕೊಡುತ್ತವೆ. ಆಗ ಒಂದು ಸಣ್ಣ ಪರೀಕ್ಷೆ ಕೊಡಬೇಕಾಗುತ್ತದೆ. ಉದಾಹರಣೆಗೆ ಹೀಗೊಂದು: ಗಿರಾಕಿ ಯುಪಿಐನಲ್ಲಿ ಬಾಕಿ ಕಟ್ಟಲು ಹೋದ, ಹಣ ತಲುಪಲಿಲ್ಲ, ಅಂಗಡಿಯವರ ಫೋನಿನಲ್ಲಿ ಏನು ಕಾಣಬೇಕು? ಒಬ್ಬರು "ಪಾವತಿ ಪ್ರಕ್ರಿಯೆಯು ವಿಫಲಗೊಂಡಿರುತ್ತದೆ" ಎಂದು ಬರೆಯುತ್ತಾರೆ. ಇನ್ನೊಬ್ಬರು "ಹಣ ಬಂದಿಲ್ಲ. ಬಾಕಿ ₹450 ಹಾಗೇ ಇದೆ" ಎನ್ನುತ್ತಾರೆ. ಉದ್ರಿ ಪುಸ್ತಕದ ಮುಂದೆ ಕೂತವರಿಗೆ ಆ ಗಳಿಗೆಯಲ್ಲಿ ತಿಳಿಯಬೇಕಾದ್ದು ಲೆಕ್ಕದಲ್ಲಿ ಅಂಕಿ ಬದಲಾಯಿತೋ ಇಲ್ಲವೋ ಎಂಬುದು. ಎರಡನೆಯವರು ಅದನ್ನು ಹಿಡಿದಿದ್ದಾರೆ. ಅವರ ರೆಸ್ಯೂಮಿನಲ್ಲಿ "ಯುಎಕ್ಸ್ ರೈಟಿಂಗ್" ಎಂಬ ಪದ ಇಲ್ಲದಿದ್ದರೂ ಸರಿ.

ಪರೀಕ್ಷೆ ಎಂದ ಕೂಡಲೇ ಈ ಕ್ಷೇತ್ರದವರ ಮುಖ ಗಂಟಿಕ್ಕುತ್ತದೆ, ಅದಕ್ಕೆ ಕಾರಣವೂ ಇದೆ. "ನಮ್ಮ ವೆಬ್‌ಸೈಟಿನ ಹೋಮ್‌ಪೇಜ್ ಮಾಡಿ ಕೊಡಿ", "ಐದು ಬ್ಲಾಗ್ ಬರೆದು ಕಳಿಸಿ" ಎಂದು ಕೇಳಿ, ಆಮೇಲೆ ಸುದ್ದಿಯೇ ಇಲ್ಲದೆ, ಆ ಕೆಲಸವನ್ನು ಬಳಸಿಕೊಂಡವರಿದ್ದಾರೆ. ಮೊದಲ ಸುತ್ತಿನಲ್ಲೇ ಎಲ್ಲರಿಗೂ ಪರೀಕ್ಷೆ ಕೊಡುವುದು ಲಿಂಕ್ ಓದಲು ಸೋಮಾರಿತನವಿದ್ದವರ ಉಪಾಯ. ಮೂರ್ನಾಲ್ಕು ಜನ ಉಳಿದ ಮೇಲೆ, ಒಂದೆರಡು ಗಂಟೆಯಲ್ಲಿ ಮುಗಿಯುವಂಥದ್ದು, ಕಂಪನಿ ಬಳಸಲಾಗದ ಕಾಲ್ಪನಿಕ ವಿಷಯದ ಮೇಲೆ, ದುಡ್ಡು ಕೊಟ್ಟು ಮಾಡಿಸಿದರೆ ಯಾರಿಗೂ ದೂರಿರದು.

ಸಮಯದ ಪ್ರಶ್ನೆ ಬಂದೇ ಬರುತ್ತದೆ. ಎಲ್ಲ ಲಿಂಕುಗಳನ್ನೂ ಆಳವಾಗಿ ಓದಲು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಸಾಕು: ಅವರೇ ಮೊದಲು ಇಟ್ಟ ಕೆಲಸವೊಂದನ್ನು ತೆರೆದು, ಅವರ ಮೂರು ಸಾಲಿನ ಟಿಪ್ಪಣಿಯೊಂದಿಗೆ ಹೋಲಿಸಿ ನೋಡುವುದು. ಕೀವರ್ಡಿಗೂ ಇಲ್ಲಿ ಅದರದೇ ಜಾಗವಿದೆ. ಊರು, ಸೇರಬಹುದಾದ ದಿನ, ಕನ್ನಡ ಓದುಬರಹ ಬರುತ್ತದೆಯೇ ಎಂಬಂಥ ಹೌದು-ಅಲ್ಲ ಪ್ರಶ್ನೆಗಳನ್ನು ಯಂತ್ರವೇ ಜರಡಿ ಹಿಡಿಯಲಿ. ಒಂದು ಎಚ್ಚರ ಮಾತ್ರ ಇರಲಿ: ಪೋರ್ಟ್‌ಫೋಲಿಯೊ ನೋಡಲು ಜಿಪ್ ಕಡತ ಇಳಿಸಿಕೊಂಡು ಒಳಗಿನ ಪ್ರೋಗ್ರಾಂ ಓಡಿಸಿ ಎಂದೋ, ನಿಮ್ಮ ಕಚೇರಿಯ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಿ ಎಂದೋ ಹೇಳುವ ಲಿಂಕನ್ನು ಮುಟ್ಟಬೇಡಿ. ಅರ್ಜಿದಾರರ ವೇಷದಲ್ಲಿ ಬರುವ ವೈರಸ್‌ಗಳಿಗೆ ಎಚ್‌ಆರ್ ಮೇಲ್‌ಬಾಕ್ಸ್ ನೆಚ್ಚಿನ ಬಾಗಿಲು.

ಇಷ್ಟಾಗಿಯೂ ತೋರಿಸಲು ಏನೂ ಇಲ್ಲದ ಅನುಭವಿಗಳು ಉಳಿದುಕೊಳ್ಳುತ್ತಾರೆ. ಬ್ಯಾಂಕಿನ ಒಳಗಿನ ಸಾಫ್ಟ್‌ವೇರಿಗೆ ಆರು ವರ್ಷ ಪರದೆ ಮಾಡಿದವರು, ಜಾಹೀರಾತು ಏಜೆನ್ಸಿಯಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಭಾಷಣ ಬರೆದವರು, ಗೋಪ್ಯತೆಯ ಕರಾರಿಗೆ ಸಹಿ ಹಾಕಿರುತ್ತಾರೆ. ಲಿಂಕ್ ಇಲ್ಲವೆಂದು ಇವರನ್ನು ಬಿಟ್ಟರೆ ಪದ ಎಣಿಸುವ ಯಂತ್ರ ಮಾಡುತ್ತಿದ್ದ ತಪ್ಪನ್ನೇ ಇನ್ನೊಂದು ದಾರಿಯಿಂದ ಮಾಡಿದಂತೆ. ಅವರಿಗೆ ಫಾರ್ಮಿನಲ್ಲಿ "ತೋರಿಸಲು ಅನುಮತಿಯಿಲ್ಲ" ಎಂಬ ಆಯ್ಕೆ ಇರಲಿ. ಅದನ್ನು ಒತ್ತಿದವರೊಂದಿಗೆ ಇಪ್ಪತ್ತು ನಿಮಿಷದ ಕರೆಯಲ್ಲಿ, ಗಿರಾಕಿಯ ಹೆಸರಾಗಲಿ ಅಂಕಿಅಂಶವಾಗಲಿ ಇಲ್ಲದೆ, ಒಂದು ಸಮಸ್ಯೆಯನ್ನು ಹೇಗೆ ಬಿಡಿಸಿದಿರಿ ಎಂದು ಖಾಲಿ ಹಾಳೆಯ ಮೇಲೆ ಗೀಚಿ ತೋರಿಸಲು ಹೇಳಬಹುದು. ಅದೇ ಕರೆಯಲ್ಲಿ ಯಾರಾದರೂ ಹಿಂದಿನ ಕಂಪನಿಯ ಇನ್ನೂ ಬಿಡುಗಡೆಯಾಗದ ಪರದೆಗಳನ್ನು "ಇದು ನಿಮಗೆ ಮಾತ್ರ ಸರ್" ಎನ್ನುತ್ತ ಹಂಚಿಕೊಂಡರೆ ಕೆಲಸ ಎಷ್ಟೇ ಚೆನ್ನಾಗಿರಲಿ, ಕರೆ ಅಲ್ಲಿಗೇ ಮುಗಿಸಿ. ನಾಳೆ ನಿಮ್ಮ ಉದ್ರಿ ಆ್ಯಪ್‌ನ ಪರದೆಗಳೂ ಹಾಗೆಯೇ ಇನ್ನೊಂದು ಕಂಪನಿಯ ಕರೆಯಲ್ಲಿ ತೆರೆದುಕೊಳ್ಳುತ್ತವೆ.